ಎದೆಬಡಿತ ಹೊರಗೆ ಕೇಳಿಸುವುದಿಲ್ಲ

ಧಾರವಾಡದ ಒಂದು ಹೆಣ್ಣುಮಕ್ಕಳ ಹಾಸ್ಟೆಲು. ಮಳೆಗಾಲದ ಒಂದು ಸಂಜೆ. ಕೊಪ್ಪಳ ಕಡೆಯ ಹಳ್ಳಿಯಿಂದ ಬಿ.ಎಸ್ಸಿ. ಓದಲು ಬಂದ ಹುಡುಗಿಯೊಬ್ಬಳು ಟ್ರಂಕು, ಹಾಸಿಗೆಯ ಸುರುಳಿ, ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ಹೊತ್ತುಕೊಂಡು ಎರಡನೇ ಮಹಡಿ ಹತ್ತಿದ್ದಾಳೆ. ಈ ಅಧ್ಯಾಯದ ಉದಾಹರಣೆಗಾಗಿ ಅವಳಿಗೆ ರೇಣುಕಾ ಎಂದು ಹೆಸರಿಡೋಣ. ಅಪ್ಪನನ್ನು ಗೇಟಿನ ಒಳಗೆ ಬಿಡಲಿಲ್ಲ, ಅವರು ಅಲ್ಲಿಂದಲೇ ಬಸ್‌ಸ್ಟ್ಯಾಂಡಿನ ಕಡೆ ಹೊರಟರು. ರೂಮಿನ ಬಾಗಿಲು ಅರ್ಧ ತೆರೆದಿದೆ. ಒಳಗೆ ಇಬ್ಬರು ನಗುತ್ತಾ ಮಾತಾಡುತ್ತಿದ್ದಾರೆ. ರೇಣುಕಾಳ ಬಾಯಿ ಒಣಗಿದೆ, ಅಂಗೈ ಒದ್ದೆಯಾಗಿದೆ, ಎದೆ ಡವಡವ ಎನ್ನುತ್ತಿದೆ. ಒಳಗೆ ಕಾಲಿಟ್ಟ ಕೂಡಲೇ ಇದೆಲ್ಲ ಅವರಿಗೆ ಕಂಡುಬಿಡುತ್ತದೆ ಎಂಬುದೇ ಅವಳ ದೊಡ್ಡ ಭಯ.

ಇದರಲ್ಲಿ ಎರಡು ಪ್ರಶ್ನೆಗಳಿವೆ. ಅವಳ ದೇಹದಲ್ಲಿ ಏನಾಗುತ್ತಿದೆ? ಅದರಲ್ಲಿ ಎಷ್ಟು ಹೊರಗಿನವರಿಗೆ ಕಾಣುತ್ತದೆ? ಮೊದಲನೆಯದಕ್ಕೆ ಶರೀರಶಾಸ್ತ್ರ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ಎರಡನೆಯದಕ್ಕೆ ಮನೋವಿಜ್ಞಾನಿಗಳು ಕಳೆದ ಮೂರು ದಶಕಗಳಲ್ಲಿ ಕಂಡುಕೊಂಡ ಉತ್ತರ ಹಾಸ್ಟೆಲಿಗೆ ಹೊಸದಾಗಿ ಸೇರುವ ಪ್ರತಿಯೊಬ್ಬರಿಗೂ ತಿಳಿದಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ದೇಹದ ಕತೆ ಚಿಕ್ಕದು. ಅಪರಿಚಿತರು ನಮ್ಮನ್ನು ಅಳೆಯಲಿದ್ದಾರೆ ಎಂಬ ಸೂಚನೆ ಸಿಕ್ಕ ಕೆಲವೇ ಸೆಕೆಂಡುಗಳಲ್ಲಿ ಅಡ್ರಿನಲಿನ್ ರಕ್ತಕ್ಕಿಳಿಯುತ್ತದೆ. ಹೃದಯದ ವೇಗ ಏರುತ್ತದೆ, ಜೊಲ್ಲು ಕಡಿಮೆಯಾಗುತ್ತದೆ, ಅಂಗೈಯ ಬೆವರುಗ್ರಂಥಿಗಳು ಚುರುಕಾಗುತ್ತವೆ. 2004ರಲ್ಲಿ ಸ್ಯಾಲಿ ಡಿಕರ್ಸನ್ ಮತ್ತು ಮಾರ್ಗರೆಟ್ ಕೆಮೆನಿ ಎಂಬ ಸಂಶೋಧಕಿಯರು ಒತ್ತಡದ ಕುರಿತ 208 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬೇರೆಯವರು ನಮ್ಮನ್ನು ಅಳೆಯುತ್ತಿದ್ದಾರೆ ಎಂಬ ಭಾವನೆಯ ಜೊತೆಗೆ ಪರಿಸ್ಥಿತಿ ನಮ್ಮ ಕೈಯಲ್ಲಿಲ್ಲ ಎಂಬ ಭಾವನೆಯೂ ಸೇರಿದಾಗ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಎಲ್ಲಕ್ಕಿಂತ ಹೆಚ್ಚು ಏರಿತ್ತು. ಹಾಸ್ಟೆಲಿನ ಮೊದಲ ಸಂಜೆಯಲ್ಲಿ ಈ ಎರಡೂ ಇರುತ್ತವೆ. ಹಾಗಾಗಿ ರೇಣುಕಾ ಅಂಜುಬುರುಕಿಯಲ್ಲ. ಅವಳ ದೇಹ ಇಂಥ ಹೊತ್ತಿನಲ್ಲಿ ಮಾಡಬೇಕಾದ್ದನ್ನೇ ಮಾಡುತ್ತಿದೆ.

ಎದೆ ಹೀಗೆ ಬಡಿಯುವುದಕ್ಕೆ ಇನ್ನೊಂದು ಕಾರಣ ಟ್ರಂಕು. ಭಾರ ಹೊತ್ತು ಎರಡು ಮಹಡಿ ಹತ್ತಿದರೆ ಯಾರ ಎದೆಯಾದರೂ ಬಡಿದುಕೊಳ್ಳುತ್ತದೆ. ಆದರೆ ಆ ಬಡಿತ ಮೆಟ್ಟಿಲಿನದೋ ಭಯದ್ದೋ ಎಂದು ಮನಸ್ಸು ಬೇರ್ಪಡಿಸಿ ನೋಡುವುದಿಲ್ಲ. ವ್ಯಾಯಾಮದಿಂದ ಏರಿದ ಉದ್ರೇಕದ ಉಳಿಕೆ ಮುಂದಿನ ಭಾವನೆಗೆ ಸೇರಿಕೊಂಡು ಅದನ್ನು ಹಿಗ್ಗಿಸುತ್ತದೆ ಎಂಬುದನ್ನು ಡಾಲ್ಫ್ ಜಿಲ್‌ಮನ್ 1970ರ ದಶಕದಲ್ಲಿ ಪ್ರಯೋಗಗಳಿಂದ ತೋರಿಸಿದರು. ಆದ್ದರಿಂದ ಮೆಟ್ಟಿಲು ಹತ್ತಿದ ಉಸಿರಿನಲ್ಲೇ ಬಾಗಿಲು ತಟ್ಟಬಾರದು. ಟ್ರಂಕನ್ನು ವರಾಂಡದಲ್ಲಿ ಇಳಿಸಿ, ನೀರು ಕುಡಿದು, ನಾಲ್ಕೈದು ನಿಮಿಷ ನಿಲ್ಲಬೇಕು. ಆ ಹೊತ್ತಿನಲ್ಲಿ ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ, ಉದ್ದವಾಗಿ ಹೊರಬಿಡಬೇಕು. ಉಸಿರು ಬಿಡುವಾಗ ವೇಗಸ್ ನರ ಹೃದಯದ ವೇಗವನ್ನು ತಗ್ಗಿಸುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ನೋಡಿದರೆ ಈ ಏರಿಳಿತ ಬೆರಳಿಗೇ ತಿಳಿಯುತ್ತದೆ. ಇದರಿಂದ ಭಯ ಪೂರ್ತಿ ಹೋಗುವುದಿಲ್ಲ, ಮೆಟ್ಟಿಲಿನ ಪಾಲು ಮಾತ್ರ ಕಳೆಯುತ್ತದೆ. ಅಷ್ಟಾದರೂ ದೊಡ್ಡ ಉಪಕಾರವೇ.

ಈಗ ಎರಡನೆಯ ಪ್ರಶ್ನೆ. ಉಳಿದ ಭಯ ಒಳಗಿರುವವರಿಗೆ ಕಾಣುತ್ತದೆಯೇ?

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಅವರ ಸಂಗಡಿಗರು 1998ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಕೆಲವರಿಗೆ ಸಾಲಾಗಿ ಲೋಟಗಳಲ್ಲಿ ಪಾನೀಯ ಕೊಟ್ಟರು. ಅದರಲ್ಲಿ ಒಂದಕ್ಕೆ ಮಾತ್ರ ಕೆಟ್ಟ ರುಚಿ. ಕುಡಿದವರು ಮುಖದಲ್ಲಿ ಏನನ್ನೂ ತೋರಗೊಡಬಾರದಿತ್ತು. ಕೆಟ್ಟ ಲೋಟ ಯಾವುದೆಂದು ನೋಡುಗರಲ್ಲಿ ಎಷ್ಟು ಜನ ಪತ್ತೆ ಹಚ್ಚುತ್ತಾರೆ ಎಂದು ಕುಡಿದವರನ್ನು ಕೇಳಿದಾಗ ಅವರು ದೊಡ್ಡ ಸಂಖ್ಯೆಯನ್ನೇ ಹೇಳಿದರು. ನಿಜಕ್ಕೂ ಪತ್ತೆ ಹಚ್ಚಿದವರು ಅದಕ್ಕಿಂತ ತೀರ ಕಡಿಮೆ. ನಮ್ಮ ಒಳಗಿನ ಅನುಭವ ನಮಗೆ ಅಷ್ಟು ಗಾಢವಾಗಿ ತಟ್ಟುವುದರಿಂದ ಅದು ಚರ್ಮ ದಾಟಿ ಹೊರಗೂ ಸೋರುತ್ತಿದೆ ಎಂದು ನಂಬಿಬಿಡುತ್ತೇವೆ. ಸಂಶೋಧಕರು ಇದನ್ನು ಪಾರದರ್ಶಕತೆಯ ಭ್ರಮೆ ಎಂದು ಕರೆದರು.

ಇದರ ಮುಂದಿನ ಹೆಜ್ಜೆಯೇ ನಮಗೆ ಮುಖ್ಯ. 2003ರಲ್ಲಿ ಕೆನೆತ್ ಸಾವಿಟ್ಸ್ಕಿ ಮತ್ತು ಗಿಲೋವಿಚ್ ವಿದ್ಯಾರ್ಥಿಗಳಿಂದ ಮೂರು ನಿಮಿಷದ ಭಾಷಣ ಮಾಡಿಸಿದರು. ಮೊದಲ ಗುಂಪಿಗೆ ಏನೂ ಹೇಳಲಿಲ್ಲ. ಎರಡನೆಯ ಗುಂಪಿಗೆ, ಹೆದರಿಕೆ ಸಹಜ, ಚಿಂತೆ ಮಾಡಬೇಡಿ ಎಂದರು. ಮೂರನೆಯ ಗುಂಪಿಗೆ, ನಿಮ್ಮ ಹೆದರಿಕೆ ನೀವಂದುಕೊಂಡಷ್ಟು ಹೊರಗೆ ಕಾಣುವುದಿಲ್ಲ, ಇದು ಸಂಶೋಧನೆಯಿಂದ ಗೊತ್ತಾಗಿದೆ ಎಂದು ವಿವರಿಸಿದರು. ಚೆನ್ನಾಗಿ ಮಾತಾಡಿದವರು ಮೂರನೆಯ ಗುಂಪಿನವರು. ಅವರಿಗೂ ಹಾಗೆನಿಸಿತು, ಕೇಳಿದವರಿಗೂ ಹಾಗೆನಿಸಿತು. ಮಕ್ಕಳನ್ನು ಹಾಸ್ಟೆಲಿಗೆ ಬಿಡುವಾಗ ನಾವೆಲ್ಲ ಹೇಳುವ "ಹೆದರಬೇಡ" ಎಂಬ ಮಾತು ಎರಡನೆಯ ಗುಂಪಿಗೆ ಕೊಟ್ಟ ಸಮಾಧಾನದ ಜಾತಿಯದು. "ನೀ ಹೆದರಿದ್ದು ಅವರಿಗೆ ಕಾಣೂದಿಲ್ಲವ್ವ" ಎಂದು ಹೇಳಿ ಕಳಿಸಿದರೆ ಹೆಚ್ಚು ಉಪಯೋಗ.

ಭಯ ಕಾಣುತ್ತದೆ ಎಂದುಕೊಂಡವರು ಆ ನಂಬಿಕೆಯಿಂದಲೇ ಇನ್ನಷ್ಟು ಹೆದರುತ್ತಾರೆ. ಕಣ್ಣು ನೆಲಕ್ಕಿಳಿಯುತ್ತದೆ, ಹೆಸರನ್ನು ಗಂಟಲಲ್ಲೇ ನುಂಗುತ್ತಾರೆ, ಕೇಳಿದ್ದಕ್ಕೆ ಒಂದೇ ಪದದಲ್ಲಿ ಉತ್ತರ ಕೊಟ್ಟು ಟ್ರಂಕಿನ ಬೀಗ ತೆಗೆಯುವ ನೆಪದಲ್ಲಿ ಬೆನ್ನು ತಿರುಗಿಸುತ್ತಾರೆ. ಇದು ರೂಮ್‌ಮೇಟುಗಳಿಗೆ ಕಾಣುತ್ತದೆ. ಆದರೆ ಅವರು ಇದನ್ನು ಭಯ ಎಂದು ಓದುವುದಿಲ್ಲ. "ಯಾಕೋ ಬಿಗುಮಾನದ ಹುಡುಗಿ" ಎಂದು ಓದುತ್ತಾರೆ. ಭಯ ಅಡಗಿರುತ್ತದೆ, ಭಯ ಮಾಡಿಸಿದ ಕೆಲಸ ಎದ್ದು ಕಾಣುತ್ತದೆ.

ಹಾಗಿದ್ದರೆ ಬಾಗಿಲಲ್ಲಿ ಏನು ಮಾಡಬೇಕು? ಗ್ಲಾಸ್ಗೋ ವಿಶ್ವವಿದ್ಯಾಲಯದ ಫಿಲ್ ಮ್ಯಾಕ್‌ಅಲೀರ್ ಮತ್ತು ಸಂಗಡಿಗರು 2014ರಲ್ಲಿ 64 ಜನರ ಧ್ವನಿಯಿಂದ "ಹಲೋ" ಎಂಬ ಒಂದೇ ಪದವನ್ನು ಕತ್ತರಿಸಿ ಕೇಳುಗರಿಗೆ ಕೇಳಿಸಿದರು. ಆ ತುಣುಕುಗಳ ಉದ್ದ ಅರ್ಧ ಸೆಕೆಂಡಿಗಿಂತಲೂ ಕಡಿಮೆ. ಅಷ್ಟರಲ್ಲೇ ಕೇಳುಗರು ಈ ಧ್ವನಿಯನ್ನು ನಂಬಬಹುದು, ಇದು ದರ್ಪದ್ದು ಎಂದು ತೀರ್ಮಾನಿಸಿದರು. ಬೇರೆ ಬೇರೆಯವರ ತೀರ್ಮಾನಗಳು ಬಹುಮಟ್ಟಿಗೆ ಹೊಂದಿಕೊಂಡವು ಕೂಡ. ಇಲ್ಲಿ ಒಂದು ಎಚ್ಚರಿಕೆ ಬೇಕು: ಎಲ್ಲರೂ ಒಂದೇ ತೀರ್ಮಾನಕ್ಕೆ ಬಂದರು ಎಂದರೆ ಆ ತೀರ್ಮಾನ ಸರಿ ಎಂದಲ್ಲ. ಧ್ವನಿಯಿಂದ ಅವರು ಊಹಿಸಿದ ಗುಣ ಆ ವ್ಯಕ್ತಿಯಲ್ಲಿ ನಿಜವಾಗಿ ಇದೆಯೇ ಎಂದು ಈ ಪ್ರಯೋಗ ಹೇಳುವುದಿಲ್ಲ. ಮೊದಲ ಶಬ್ದಕ್ಕೆ ತೂಕವಿದೆ ಎಂದಷ್ಟೇ ಹೇಳುತ್ತದೆ.

ಆ ಶಬ್ದವನ್ನು ಅಂದಗೊಳಿಸುವ ತರಬೇತಿ ಯಾರಿಗೂ ಬೇಕಿಲ್ಲ. ನಡೆಯುತ್ತಾ ಅಥವಾ ಭಾರ ಎತ್ತುತ್ತಾ ಮಾತಾಡಿದರೆ ಗಂಟಲು ಬಿಗಿದು ಧ್ವನಿ ಮೇಲೇರುತ್ತದೆ. ಆದ್ದರಿಂದ ಬಾಗಿಲು ತಟ್ಟಿ, ಹೊಸ್ತಿಲಲ್ಲಿ ನಿಂತು, ಅವರು ತಿರುಗಿ ನೋಡುವವರೆಗೆ ಕಾದು, ಆಮೇಲೆ ಮಾತಾಡಿದರೆ ಸಾಕು. ನಮ್ಮ ರೇಣುಕಾ ಹೀಗೆ ಮಾಡುತ್ತಾಳೆ ಎನ್ನೋಣ.

"ನಮಸ್ಕಾರ್ರೀ. ನಾ ರೇಣುಕಾ ಅಂತ. ಇದ ರೂಮ್ ಕೊಟ್ಟಾರ ನನಗ."

"ಬಾ ಬಾ, ಒಳಗ ಬಾ. ಫಸ್ಟ್ ಇಯರಾ? ನಾ ಸಾವಿತ್ರಿ ಬಡಿಗೇರ, ನವಲಗುಂದ. ಇಕಿ ಶಬಾನಾ, ಹಳಿಯಾಳದಾಕಿ. ನಾವೂ ನಿನ್ನೆನ ಬಂದೇವಿ."

ಐದು ನಿಮಿಷದ ನಂತರ ಇಬ್ಬರ ಹೆಸರೂ ರೇಣುಕಾಳ ತಲೆಯಿಂದ ಹಾರಿಹೋಗಿರುತ್ತವೆ. ಮೊದಲ ಸಂಜೆಯ ಅತಿ ಸಾಮಾನ್ಯ ತೊಂದರೆ ಇದು. ತನ್ನ ಜ್ಞಾಪಕಶಕ್ತಿಯೇ ಸರಿಯಿಲ್ಲ ಎಂದು ಅವಳು ಅಂದುಕೊಳ್ಳುತ್ತಾಳೆ, ಆದರೆ ಕಾರಣ ಬೇರೆ. 1973ರಲ್ಲಿ ಮಾಲ್ಕಮ್ ಬ್ರೆನರ್ ಎಂಬುವರು ಜನರನ್ನು ಮೇಜಿನ ಸುತ್ತ ಕೂರಿಸಿ ಸರದಿಯಂತೆ ಒಂದೊಂದು ಪದ ಓದಿಸಿದರು. ಆಮೇಲೆ ನೆನಪಿಸಿಕೊಳ್ಳಲು ಹೇಳಿದಾಗ ಪ್ರತಿಯೊಬ್ಬರಲ್ಲೂ ಒಂದೇ ಜಾಗದಲ್ಲಿ ಗುಂಡಿ ಬಿದ್ದಿತ್ತು. ತಮ್ಮ ಸರದಿಗೆ ಸ್ವಲ್ಪ ಮುಂಚೆ ಬೇರೆಯವರು ಓದಿದ ಪದಗಳು ಅವರಿಗೆ ನೆನಪಿರಲಿಲ್ಲ. ತಾನೇನು ಹೇಳಬೇಕು ಎಂದು ಮನಸ್ಸು ಸಿದ್ಧವಾಗುತ್ತಿರುವಾಗ ಕಿವಿಗೆ ಬಿದ್ದದ್ದು ನೆನಪಿನಲ್ಲಿ ಕೂರುವುದಿಲ್ಲ. ರೇಣುಕಾ ಮೊದಲೇ ತನ್ನ ಹೆಸರು ಹೇಳಿಬಿಟ್ಟದ್ದು ಈ ದೃಷ್ಟಿಯಿಂದ ಒಳ್ಳೆಯದಾಯಿತು. ಅವಳ ಸರದಿ ಮುಗಿದಿದೆ, ಇನ್ನು ಕೇಳಿಸಿಕೊಳ್ಳಲು ಮನಸ್ಸು ತೆರವಾಗಿದೆ. ಆದರೂ ಹೆಸರು ಜಾರುವುದಕ್ಕೆ ಇನ್ನೊಂದು ಕಾರಣವಿದೆ.

"ನಮ್ಮಪ್ಪ ಬಡಿಗತನ ಮಾಡ್ತಾರ" ಎಂದು ಒಬ್ಬಳು ಹೇಳಿದರೆ ನಮಗೆ ಉಳಿ, ಕೊಡತಿ, ಮರದ ಹೊಟ್ಟು, ಊರಿನ ಬಡಿಗೇರ ಮನೆ ಎಲ್ಲವೂ ಕಣ್ಣಿಗೆ ಬರುತ್ತವೆ. "ನನ್ನ ಅಡ್ಡಹೆಸರು ಬಡಿಗೇರ" ಎಂದರೆ ಅದೇ ಶಬ್ದ ಬರಿದಾಗಿ ಬಂದು ಹೋಗುತ್ತದೆ. 1987ರಲ್ಲಿ ಬ್ರಿಟನ್ನಿನ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಅದೇ ಮುಖಕ್ಕೆ ಅದೇ ಪದವನ್ನು ಕಸುಬಾಗಿ ಹೇಳಿದರೆ ಜನ ನೆನಪಿಡುತ್ತಾರೆ, ಹೆಸರಾಗಿ ಹೇಳಿದರೆ ಮರೆಯುತ್ತಾರೆ. ಅವರ ಉದಾಹರಣೆ ಬೇಕರ್ ಎಂಬ ಇಂಗ್ಲಿಷ್ ಅಡ್ಡಹೆಸರು. ಕಂಬಾರ, ಪತ್ತಾರ, ಹೂಗಾರ, ಬಡಿಗೇರ ಎಂಬ ಅಡ್ಡಹೆಸರುಗಳ ನಡುವೆ ಬೆಳೆದ ಉತ್ತರ ಕರ್ನಾಟಕದವರಿಗೆ ಇದನ್ನು ಬೇರೆಯಾಗಿ ವಿವರಿಸಬೇಕಿಲ್ಲ. ಹೆಸರಿಗೆ ಅರ್ಥವಿದ್ದರೂ ಅದು ಆ ವ್ಯಕ್ತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಆದ್ದರಿಂದ ನೆನಪಿಗೆ ಹಿಡಿಕೆ ಸಿಗುವುದಿಲ್ಲ.

ಪರಿಹಾರವೂ ಪ್ರಯೋಗದಿಂದಲೇ ಬಂದದ್ದು. ಥಾಮಸ್ ಲ್ಯಾಂಡೌರ್ ಮತ್ತು ರಾಬರ್ಟ್ ಬ್ಯೋರ್ಕ್ 1978ರಲ್ಲಿ ಜನರಿಗೆ ಹೆಸರುಗಳನ್ನೇ ಕಲಿಸಿ ನೋಡಿದರು. ಕಲಿತ ಸ್ವಲ್ಪ ಹೊತ್ತಿಗೆ ಒಮ್ಮೆ, ಇನ್ನಷ್ಟು ಬಿಟ್ಟು ಮತ್ತೊಮ್ಮೆ, ಇನ್ನೂ ಹೆಚ್ಚು ಬಿಟ್ಟು ಮಗದೊಮ್ಮೆ ತಾವಾಗಿ ನೆನಪಿಸಿಕೊಂಡವರಲ್ಲಿ ಹೆಸರು ಚೆನ್ನಾಗಿ ನಿಂತಿತು. ಹಾಸ್ಟೆಲಿನಲ್ಲಿ ಇದನ್ನು ಮಾಡುವುದು ಸುಲಭ. ಹೆಸರು ಕೇಳಿದ ಕೂಡಲೇ "ಸಾವಿತ್ರಿ, ಈ ಕಪಾಟು ಖಾಲಿ ಐತೇನು?" ಎಂದು ಒಮ್ಮೆ ಬಳಸಬೇಕು. ಹಾಸಿಗೆ ಬಿಡಿಸುವಾಗ ಮನಸ್ಸಿನಲ್ಲಿ ಇಬ್ಬರ ಹೆಸರನ್ನೂ ಎಳೆದು ತರಬೇಕು. ಮೆಸ್ಸಿಗೆ ಹೋಗುವಾಗ "ಶಬಾನಾ, ತಾಟು ನಾವ ಒಯ್ಯಬೇಕೇನು?" ಎಂದು ಕೇಳಬೇಕು. ಮಲಗುವ ಮುಂಚೆ ಇನ್ನೊಮ್ಮೆ. ಹೆಸರು ನೆನಪಿಗೆ ಬರದಿದ್ದರೆ ಆಗಲೇ ಕೇಳಿಬಿಡಬೇಕು: "ನಿನ್ನ ಹೆಸರು ಇನ್ನೊಮ್ಮೆ ಹೇಳು, ಆಗ ಗಡಿಬಿಡ್ಯಾಗ ಹೋತು." ಮೊದಲ ಸಂಜೆ ಇದು ಯಾರಿಗೂ ತಪ್ಪೆನಿಸುವುದಿಲ್ಲ. ತಿಂಗಳಾದ ಮೇಲೆ ಕೇಳುವುದು ಕಷ್ಟ.

ಮಾತು ಮುಂದುವರಿಸುವುದಕ್ಕೂ ದೊಡ್ಡ ಜಾಣತನ ಬೇಕಿಲ್ಲ. ಕರೆನ್ ಹುವಾಂಗ್ ಮತ್ತು ಸಂಗಡಿಗರು 2017ರಲ್ಲಿ ಅಪರಿಚಿತರ ಸಂಭಾಷಣೆಗಳನ್ನು ಪರಿಶೀಲಿಸಿದಾಗ, ಹೆಚ್ಚು ಪ್ರಶ್ನೆ ಕೇಳಿದವರು ಎದುರಿನವರಿಗೆ ಹೆಚ್ಚು ಹಿಡಿಸಿದ್ದರು. ಅದರಲ್ಲೂ ಎದುರಿನವರು ಆಗಷ್ಟೇ ಹೇಳಿದ್ದರ ಬೆನ್ನು ಹಿಡಿದು ಕೇಳಿದ ಪ್ರಶ್ನೆಗಳು ಹೆಚ್ಚು ಕೆಲಸ ಮಾಡಿದ್ದವು. ಊರು, ಕೋರ್ಸು, ಪಿ.ಯು. ಮಾರ್ಕ್ಸು ಎಂದು ಒಂದೊಂದಾಗಿ ಬದಲಿಸುತ್ತ ಹೋದರೆ ಅದು ಅರ್ಜಿ ತುಂಬಿಸಿದಂತಾಗುತ್ತದೆ. ಶಬಾನಾ "ಹಳಿಯಾಳ" ಎಂದಾಗ "ಅಲ್ಲಿಂದ ಇಲ್ಲಿಗೆ ಎಷ್ಟು ಹೊತ್ತು ಬಸ್ಸು?" ಎಂದು ಕೇಳಿ, ಅವಳು ಉತ್ತರಿಸಿದ ಮೇಲೆ "ಹಂಗಾರ ವಾರಕ್ಕೊಮ್ಮೆ ಮನೀಗೆ ಹೋಗ್ತೀಯೇನು?" ಎಂದರೆ ಮಾತು ತಾನಾಗಿ ಹರಿಯುತ್ತದೆ. ರೊಟ್ಟಿ ಗಂಟು ಬಿಚ್ಚಿ ನಡುವೆ ಇಟ್ಟರೆ ಇನ್ನೂ ಸುಲಭ. ಅದಕ್ಕೆ ಪ್ರಯೋಗದ ಆಧಾರ ಹುಡುಕುವ ಅಗತ್ಯವಿಲ್ಲ.

ರಾತ್ರಿ ಎಂಟಕ್ಕೆ ಮೆಸ್ಸಿನಲ್ಲಿ ಸೀನಿಯರುಗಳು ಸಿಗುತ್ತಾರೆ. ಇಲ್ಲಿ ಲೆಕ್ಕ ಬೇರೆ, ಏಕೆಂದರೆ ಇಬ್ಬರೂ ಸಮಾನರಲ್ಲ. ರೂಮಿನಲ್ಲಿ ಸಾವಿತ್ರಿಯನ್ನು ಮೊದಲ ಗಂಟೆಯಲ್ಲೇ "ನೀ" ಎನ್ನಬಹುದು. ಮೂರನೇ ವರ್ಷದವಳಿಗೆ "ನಮಸ್ಕಾರ್ರೀ ಅಕ್ಕಾ" ಎಂದು ಬಹುವಚನದಿಂದಲೇ ಆರಂಭಿಸಬೇಕು. 1960ರಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಯುರೋಪಿನ ಭಾಷೆಗಳ ಏಕವಚನ ಬಹುವಚನಗಳ ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಒಂದು ನಿಯಮ ಗುರುತಿಸಿದರು: ಬಹುವಚನದಿಂದ ಏಕವಚನಕ್ಕೆ ಇಳಿಯೋಣ ಎಂದು ಮೊದಲು ಹೇಳುವ ಹಕ್ಕು ಮೇಲಿನ ಸ್ಥಾನದಲ್ಲಿರುವವರದು. ನಮ್ಮ ಹಾಸ್ಟೆಲುಗಳಲ್ಲೂ ಹಾಗೆಯೇ. "ರೀ ಗೀ ಏನೂ ಬ್ಯಾಡ, ಅಕ್ಕಾ ಅನ್ನು ಸಾಕು" ಎಂದು ಸೀನಿಯರು ತಾನೇ ಹೇಳಿದ ದಿನ ಆ ನಂಟು ಒಂದು ಮೆಟ್ಟಿಲು ಹತ್ತಿರ ಬಂದಿರುತ್ತದೆ. ಅಲ್ಲಿಯವರೆಗೆ ಕಾಯುವುದು ಅಳುಕಲ್ಲ. ತಲೆ ತಗ್ಗಿಸದೆ, ಕಣ್ಣು ನೋಡಿ, ಹೆಸರು, ಊರು, ಕೋರ್ಸು ಹೇಳಿ, ಜೊತೆಗೆ ಸೀನಿಯರಿಗೆ ನಿಜವಾಗಿ ಗೊತ್ತಿರುವ ಒಂದು ವಿಷಯ ಕೇಳಬೇಕು. ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ, ಗೇಟು ಯಾವಾಗ ಹಾಕುತ್ತಾರೆ, ಕೆಮಿಸ್ಟ್ರಿ ಲ್ಯಾಬಿಗೆ ಯಾವ ರೆಕಾರ್ಡ್ ಬುಕ್ಕು. ಹಿಂದಿನ ಎರಡು ವರ್ಷಗಳಲ್ಲಿ ಕಷ್ಟಪಟ್ಟು ಕಲಿತದ್ದನ್ನು ಹೇಳಿಕೊಡಲು ಹೆಚ್ಚಿನ ಸೀನಿಯರುಗಳಿಗೆ ಸಂತೋಷವೇ.

ಎಲ್ಲರೂ ಹಾಗಿರುವುದಿಲ್ಲ. ಪರಿಚಯ ಎಲ್ಲಿ ಮುಗಿದು ರ‍್ಯಾಗಿಂಗ್ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಮೊದಲ ಸಂಜೆಯೇ ತಿಳಿಸಬಲ್ಲ ಗುರುತೊಂದಿದೆ. ಪರಿಚಯದಲ್ಲಿ ಮಾತು ಎರಡೂ ಕಡೆ ಹರಿಯುತ್ತದೆ. "ಯಾವೂರು?" ಎಂದು ಕೇಳಿದವಳು ತನ್ನ ಊರನ್ನೂ ಹೇಳುತ್ತಾಳೆ. ರ‍್ಯಾಗಿಂಗಿನಲ್ಲಿ ಪ್ರಶ್ನೆ ಒಂದೇ ಕಡೆಯಿಂದ ಬರುತ್ತದೆ, ತಿರುಗಿ ಕೇಳಿದರೆ ಅದೇ ತಪ್ಪಾಗುತ್ತದೆ. ನೆಲ ನೋಡು, ನಿಂತೇ ಇರು, ಹಾಡು ಹೇಳು, ಮೊಬೈಲು ಕೊಡು, ನನ್ನ ರೆಕಾರ್ಡು ಬರೆ ಎಂಬ ಅಪ್ಪಣೆಗಳು ಬರುತ್ತವೆ. ನಮ್ಮ ಕಡೆ ಇದಕ್ಕಿಂತ ಮೆತ್ತಗೆ ಬರುವ ಪ್ರಶ್ನೆ "ನೀವು ಯಾವ ಮಂದಿ?" ಎಂಬುದು. ಜಾತಿ ಹೇಳಲೇಬೇಕೆಂಬ ಕಡ್ಡಾಯ ಯಾರಿಗೂ ಇಲ್ಲ. "ಕೊಪ್ಪಳದ ಮಂದಿ ರೀ ಅಕ್ಕಾ" ಎಂದು ನೆಟ್ಟಗೆ ಹೇಳಿ ನಿಲ್ಲಿಸಬಹುದು.

ಯು.ಜಿ.ಸಿ. 2009ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ರ‍್ಯಾಗಿಂಗ್ ಶಿಕ್ಷಾರ್ಹ. ಅಮಾನತಿನಿಂದ ಹಿಡಿದು ಕಾಲೇಜಿನಿಂದ ಹೊರಹಾಕುವವರೆಗೆ ಕ್ರಮ ಕೈಗೊಳ್ಳಬಹುದು. 2016ರ ತಿದ್ದುಪಡಿಯಲ್ಲಿ ಜಾತಿ, ಧರ್ಮ, ಬಣ್ಣ, ರೂಪ, ಭಾಷೆ, ಹುಟ್ಟಿದ ಊರು, ಮನೆಯ ಆರ್ಥಿಕ ಸ್ಥಿತಿ ಇವುಗಳ ಕಾರಣಕ್ಕೆ ಕೊಡುವ ದೈಹಿಕ ಮಾನಸಿಕ ಹಿಂಸೆಯನ್ನೂ ರ‍್ಯಾಗಿಂಗ್ ಎಂದೇ ಸೇರಿಸಲಾಗಿದೆ. ರಾಷ್ಟ್ರೀಯ ಸಹಾಯವಾಣಿ 1800-180-5522 ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ. ಊಟಕ್ಕೆ ಹೋಗುವ ಮುಂಚೆ ಈ ಸಂಖ್ಯೆಯನ್ನೂ ವಾರ್ಡನ್ ಸಂಖ್ಯೆಯನ್ನೂ ಮೊಬೈಲಿನಲ್ಲಿ ಹಾಕಿಟ್ಟುಕೊಳ್ಳಬೇಕು. ಈ ಅಧ್ಯಾಯದಲ್ಲಿ ಹೇಳಿದ ಉಸಿರು, ಪ್ರಶ್ನೆ, ನಮಸ್ಕಾರ ಯಾವುದೂ ಹಿಂಸೆಯನ್ನು ತಡೆಯುವುದಿಲ್ಲ. ಹಿಂಸೆಗೊಳಗಾದವರು ಸರಿಯಾಗಿ ಮಾತಾಡಲಿಲ್ಲ ಎಂದು ಅವರ ಮೇಲೇ ತಪ್ಪು ಹೊರಿಸುವುದು ಅನ್ಯಾಯ. ಅಲ್ಲಿ ಬೇಕಾದದ್ದು ದೂರು.

ರೇಣುಕಾಳ ಸಂಜೆಯ ಮಟ್ಟಿಗೆ ಹಾಗೇನೂ ಆಗಲಿಲ್ಲ ಎನ್ನೋಣ. ಹತ್ತೂವರೆಗೆ ದೀಪ ಆರಿತು. ಈಗ ಅವಳ ತಲೆಯಲ್ಲಿ ಇಡೀ ಸಂಜೆ ಮತ್ತೆ ಓಡುತ್ತದೆ. "ರೊಟ್ಟಿ ಕೊಟ್ಟದ್ದು ಅತಿಯಾಯಿತೇನೋ. ಅಕ್ಕನ ಮುಂದೆ ತೊದಲಿದೆ. ಇವರಿಗೆ ನಾನು ಹಿಡಿಸಲಿಲ್ಲ."

ಈ ತೀರ್ಪಿನ ಬಗ್ಗೆ ವಿಜ್ಞಾನಕ್ಕೆ ಹೇಳಲು ಬಹಳವಿದೆ. 2018ರಲ್ಲಿ ಎರಿಕಾ ಬೂತ್‌ಬಿ, ಗಸ್ ಕೂನಿ, ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಮಾರ್ಗರೆಟ್ ಕ್ಲಾರ್ಕ್ ಅಪರಿಚಿತರನ್ನು ಜೋಡಿಯಾಗಿ ಕೂರಿಸಿ ಮಾತಾಡಿಸಿದರು. ಆಮೇಲೆ ಪ್ರತಿಯೊಬ್ಬರಿಗೂ ಎರಡು ಪ್ರಶ್ನೆ ಕೇಳಿದರು: ಎದುರಿನವರು ನಿಮಗೆಷ್ಟು ಇಷ್ಟವಾದರು? ನೀವು ಅವರಿಗೆಷ್ಟು ಇಷ್ಟವಾದಿರಿ ಎಂದುಕೊಳ್ಳುತ್ತೀರಿ? ಇಬ್ಬರೂ ಎದುರಿನವರನ್ನು ಮೆಚ್ಚಿದ್ದರು, ಎದುರಿನವರು ತಮ್ಮನ್ನು ಅಷ್ಟು ಮೆಚ್ಚಲಿಲ್ಲ ಎಂದೂ ನಂಬಿದ್ದರು. ಮಾತಾಡುವಾಗ ಪ್ರತಿಯೊಬ್ಬರ ಗಮನವೂ ತಮ್ಮ ತೊದಲಿನ ಮೇಲಿರುತ್ತದೆ, ಎದುರಿನವರ ಮುಖದಲ್ಲಿ ಮೂಡಿದ ಮೆಚ್ಚುಗೆಯ ಮೇಲಲ್ಲ. ಸಂಕೋಚದ ಸ್ವಭಾವದವರಲ್ಲಿ ಈ ಅಂತರ ಇನ್ನೂ ದೊಡ್ಡದಾಗಿತ್ತು.

ಇದೇ ಸಂಶೋಧಕರು ಯೇಲ್ ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಹೊಸದಾಗಿ ಸೇರಿದ ಮೊದಲ ವರ್ಷದವರನ್ನೂ ವರ್ಷವಿಡೀ ಹಿಂಬಾಲಿಸಿದರು. ಸೆಪ್ಟೆಂಬರಿನಲ್ಲಿ ಕಂಡ ಅಂತರ ತಿಂಗಳುಗಟ್ಟಲೆ ಉಳಿದಿತ್ತು. ಒಂದೇ ಸೂರಿನಡಿ ಮಲಗಿ ಎದ್ದು, ಜೊತೆಗೆ ಓಡಾಡಿದ ಮೇಲೂ, ತಮ್ಮನ್ನು ಜೊತೆಯವರು ನಿಜಕ್ಕೂ ಎಷ್ಟು ಮೆಚ್ಚಿದ್ದಾರೆಂಬುದು ಅವರಿಗೆ ತಿಳಿದಿರಲಿಲ್ಲ. ವರ್ಷದ ಕೊನೆಯ ಹೊತ್ತಿಗೆ ಆ ಅಂತರ ಮಾಯವಾಯಿತು. ಅಮೆರಿಕದ ಒಂದು ಶ್ರೀಮಂತ ವಿಶ್ವವಿದ್ಯಾಲಯದಲ್ಲಿ ಕಂಡದ್ದು ಧಾರವಾಡದ ಹಾಸ್ಟೆಲಿಗೆ ಅಂಕಿ ಅಂಕಿಗೂ ಹೊಂದುತ್ತದೆ ಎನ್ನಲಾಗದು. ಆದರೆ ಮೊದಲ ರಾತ್ರಿ ತನ್ನ ಬಗ್ಗೆ ತಾನೇ ಕೊಟ್ಟುಕೊಳ್ಳುವ ತೀರ್ಪು ನಂಬಲರ್ಹವಲ್ಲ ಎನ್ನಲು ಇಷ್ಟು ಸಾಕು.

ಈ ಅಂತರವನ್ನು ರೇಣುಕಾ ಒಬ್ಬಳೇ ಮುಚ್ಚಲಾರಳು, ಏಕೆಂದರೆ ಅವಳಿಗೆ ಬೇಕಾದ ಮಾಹಿತಿ ಇರುವುದು ಬೇರೆಯವರ ತಲೆಯಲ್ಲಿ. ಆದ್ದರಿಂದ ಇದನ್ನು ಓದುತ್ತಿರುವ ಎರಡನೇ, ಮೂರನೇ ವರ್ಷದವರಲ್ಲಿ ನನ್ನ ಒಂದು ಬೇಡಿಕೆ. ನಿಮ್ಮ ಮಹಡಿಗೆ ಹೊಸದಾಗಿ ಬಂದವಳು ನಿಮಗೆ ಹಿಡಿಸಿದ್ದರೆ ಅದು ಅವಳಿಗೆ ಗೊತ್ತಿರುವುದಿಲ್ಲ. ನಾಳೆ ತಿಂಡಿಗೆ ಹೋಗುವಾಗ ಅವಳ ಬಾಗಿಲು ತಟ್ಟಿ, ಹೆಸರು ಹಿಡಿದು ಕರೆಯಿರಿ.